ಸೀಸದ ಬ್ಯಾಟರಿಗೆ ಖಾಲಿ ಹೊಟ್ಟೆ ಆಗಲ್ಲ, ಲಿಥಿಯಂಗೆ ತುಂಬಿದ ಹೊಟ್ಟೆ ಆಗಲ್ಲ

ಪ್ರಶ್ನೆ: ಸರ್, ನಾವು ಪುಣೆಯ ಚಿಂಚವಾಡದಲ್ಲಿದ್ದೇವೆ. ಊರು ಗದಗ ಹತ್ತಿರ. ಏಪ್ರಿಲ್ ಕೊನೆಗೆ ಊರಿಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡಿದೆವು, ಇನ್ವರ್ಟರ್ ಆಫ್ ಮಾಡೋದು ಮರೆತೆವು. ಜೂನ್ ಮಧ್ಯಕ್ಕೆ ಬಂದು ನೋಡಿದರೆ ಬ್ಯಾಟರಿ ಸತ್ತಿದೆ. 150 ಎಎಚ್ ಟ್ಯೂಬುಲರ್, ತಗೊಂಡು ಎರಡೇ ವರ್ಷ. ಚಾರ್ಜ್‌ಗೆ ಹಾಕಿದರೆ ಗಂಟೆಯೊಳಗೆ ಫುಲ್ ಅಂತ ತೋರಿಸುತ್ತದೆ, ಕರೆಂಟ್ ಹೋದರೆ ಹತ್ತು ನಿಮಿಷ ಫ್ಯಾನ್ ತಿರುಗಲ್ಲ. ಅಷ್ಟೂ ದಿನ ಕೆಳಗೆ ಪಾರ್ಕಿಂಗ್‌ನಲ್ಲಿ ನಿಂತಿದ್ದ ನನ್ನ ಮೈದುನನ ಎಲೆಕ್ಟ್ರಿಕ್ ಸ್ಕೂಟರ್ ಅರ್ಧ ಚಾರ್ಜ್‌ನಲ್ಲೇ ಇತ್ತು, ಕೀ ತಿರುಗಿಸಿದ ಕೂಡಲೇ ಹೊರಟಿತು. ಎರಡೂ ಬ್ಯಾಟರಿಯೇ ಅಲ್ವಾ? ಒಳಗೆ ಏನು ಬೇರೆ? ಅಂಗಡಿಯವರು ಲಿಥಿಯಂ ಹಾಕಿಸಿ ಅಂತಿದ್ದಾರೆ, ಹಾಕಿಸಬೇಕಾ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಮೇನ್ ಆಫ್ ಆಗಿದ್ದು ಇನ್ವರ್ಟರ್ ಆನ್ ಇದ್ದರೆ, ಮನೆಯಲ್ಲಿ ಒಂದು ಬಲ್ಬೂ ಉರಿಯದಿದ್ದರೂ ಇನ್ವರ್ಟರ್ ತನ್ನ ಹೊಟ್ಟೆಪಾಡಿಗೆ ಬ್ಯಾಟರಿಯಿಂದ ಒಂದು ಆಂಪಿಯರ್ ಆಸುಪಾಸು ಎಳೆಯುತ್ತದೆ. ವೈಫೈ ಡಬ್ಬಿ ಆನ್ ಇದ್ದಿದ್ದರೆ ಇನ್ನೊಂದು ಆಂಪಿಯರ್ ಸೇರಿಸಿ. ಎರಡು ಆಂಪಿಯರ್ ಇಪ್ಪತ್ತನಾಲ್ಕು ಗಂಟೆ ಎಳೆದರೆ ದಿನಕ್ಕೆ 48 ಆಂಪಿಯರ್-ಅವರ್, ಅಂದರೆ 48 ಎಎಚ್. ನಿಮ್ಮ 150 ಎಎಚ್ ಬ್ಯಾಟರಿ ಮೂರೂವರೆ ದಿನದೊಳಗೆ ಖಾಲಿ. ನೀವು ಊರಿಗೆ ಹೋಗಿ ಬ್ಯಾಗು ಬಿಚ್ಚಿ, ನೆಂಟರ ಮನೆಗೆಲ್ಲ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಅದರ ಕತೆ ಮುಗಿದಿತ್ತು. ಉಳಿದ ನಲವತ್ತೈದು ದಿನ ಅದು ಖಾಲಿ ಹೊಟ್ಟೆಯಲ್ಲಿ, ಪುಣೆಯ ಮೇ ಬಿಸಿಲಿನಲ್ಲಿ, ಮುಚ್ಚಿದ ಮನೆಯಲ್ಲಿ ಕೂತಿತ್ತು. ಕೆಟ್ಟಿದ್ದು ಆಗ. ಖಾಲಿಯಾಗಿದ್ದಕ್ಕೆ ಅದು ಸಾಯಲಿಲ್ಲ, ಖಾಲಿಯಾಗಿ ಕೂತಿದ್ದಕ್ಕೆ ಸತ್ತಿತು.

ಇದು ಯಾಕೆ ಅಂತ ತಿಳಿಯಬೇಕಾದರೆ ಪ್ಲೇಟುಗಳ ಒಳಗೆ ಹೋಗಬೇಕು.

ನಿಮ್ಮ ಬ್ಯಾಟರಿಯಲ್ಲಿ ಆರು ಸೆಲ್ ಇವೆ, ಒಂದೊಂದು ಸುಮಾರು 2 ವೋಲ್ಟ್. ಪ್ರತಿ ಸೆಲ್‌ನಲ್ಲಿ ಎರಡು ಬಗೆಯ ಪ್ಲೇಟು. ನೆಗೆಟಿವ್ ಪ್ಲೇಟಿನಲ್ಲಿ ಸ್ಪಂಜಿನ ಹಾಗೆ ತೂತುತೂತಾದ ಸೀಸ. ಪಾಸಿಟಿವ್‌ನಲ್ಲಿ ಕಂದು ಬಣ್ಣದ ಸೀಸದ ಡೈಆಕ್ಸೈಡ್. ಇದನ್ನು ಸಣ್ಣ ಸಣ್ಣ ಬಟ್ಟೆಯ ಕೊಳವೆಗಳಲ್ಲಿ ತುಂಬಿರುತ್ತಾರೆ, ಅದಕ್ಕೇ ಟ್ಯೂಬುಲರ್ ಅನ್ನುವುದು. ಎರಡರ ನಡುವೆ ನೀರು ಬೆರೆಸಿದ ಗಂಧಕಾಮ್ಲ, ನಮ್ಮ ಮಾತಿನಲ್ಲಿ ಬ್ಯಾಟರಿ ಆಸಿಡ್. ಕರೆಂಟ್ ಎಳೆದಾಗ ಆಗುವುದು ಇಷ್ಟೇ:

```
Pb + PbO2 + 2H2SO4  ⇌  2PbSO4 + 2H2O
```

ಎಡದಿಂದ ಬಲಕ್ಕೆ ಹೋದರೆ ಡಿಸ್ಚಾರ್ಜ್, ಬಲದಿಂದ ಎಡಕ್ಕೆ ಬಂದರೆ ಚಾರ್ಜ್. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿಸಿರುತ್ತಾರೆ. ಆದರೆ ಇದರ ಅರ್ಥ ಎಷ್ಟು ಭಾರಿಯದು ಅಂತ ಯಾರೂ ಹೇಳಿರಲ್ಲ. ಡಿಸ್ಚಾರ್ಜ್ ಆದಾಗ ಎರಡೂ ಪ್ಲೇಟುಗಳು ತಮ್ಮ ಗುರುತೇ ಬಿಟ್ಟು ಒಂದೇ ವಸ್ತುವಾಗುತ್ತವೆ. ಸೀಸವೂ ಸೀಸದ ಸಲ್ಫೇಟ್ ಆಗುತ್ತದೆ, ಡೈಆಕ್ಸೈಡೂ ಸೀಸದ ಸಲ್ಫೇಟ್ ಆಗುತ್ತದೆ. ಆಸಿಡ್ ಖರ್ಚಾಗಿ ನೀರು ಹುಟ್ಟುತ್ತದೆ.

ಎಷ್ಟು? 150 ಎಎಚ್ ಪೂರ್ತಿ ತೆಗೆದರೆ ಆರೂ ಸೆಲ್ ಸೇರಿ ಸುಮಾರು 3.3 ಕೆಜಿ ಶುದ್ಧ ಗಂಧಕಾಮ್ಲ ಪ್ಲೇಟುಗಳೊಳಗೆ ಸೇರಿಕೊಳ್ಳುತ್ತದೆ. ಸುಮಾರು 600 ಗ್ರಾಂ ಹೊಸ ನೀರು ಹುಟ್ಟುತ್ತದೆ. ಪ್ಲೇಟುಗಳ ಮೇಲೆ 10 ಕೆಜಿಗೂ ಜಾಸ್ತಿ ಸೀಸದ ಸಲ್ಫೇಟ್ ಬೆಳೆಯುತ್ತದೆ. ಹತ್ತು ಕೆಜಿ! ಇದು ನಾನು ಅಂದಾಜಿಗೆ ಹೇಳುತ್ತಿರುವ ಮಾತಲ್ಲ. ಒಂದು ಎಎಚ್‌ಗೆ ಎಷ್ಟು ಎಲೆಕ್ಟ್ರಾನ್ ಅನ್ನುವ ಲೆಕ್ಕದಿಂದ ನೇರ ಬರುತ್ತದೆ. ಜೊತೆಗೆ ಈ ಸಲ್ಫೇಟ್ ಜಾಗವೂ ಜಾಸ್ತಿ ತಿನ್ನುತ್ತದೆ. ಅದು ಹುಟ್ಟಿದ ಸೀಸಕ್ಕಿಂತ ಎರಡೂವರೆ ಪಟ್ಟು ದಪ್ಪ. ಹಾಗಾಗಿ ಪ್ರತಿ ಸಲ ಖಾಲಿಯಾದಾಗ ಪ್ಲೇಟು ಉಬ್ಬುತ್ತದೆ, ಸ್ಪಂಜಿನ ತೂತುಗಳು ಕಟ್ಟಿಕೊಳ್ಳುತ್ತವೆ. ಚಾರ್ಜ್ ಆದಾಗ ಮತ್ತೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಪಾಸಿಟಿವ್‌ನ ಪುಡಿ ಸಡಿಲವಾಗಿ ಉದುರುತ್ತದೆ. ಅದನ್ನು ಹಿಡಿದಿಡಲೆಂದೇ ಆ ಬಟ್ಟೆಯ ಕೊಳವೆ.

ಆಸಿಡ್ ಪ್ಲೇಟಿನೊಳಗೆ ಹೋಗುತ್ತದೆ ಅನ್ನುವುದನ್ನು ನಾನು ಕಲಿತದ್ದು ಬೈಸಿಕೊಂಡು. ಭೋಸರಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬ್ಯಾಟರಿಯ ದ್ರವ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಅಳೆಯುವ ಹೈಡ್ರೋಮೀಟರನ್ನು ಒಂದು ಬ್ಯಾಟರಿಯಲ್ಲಿ ಬಿಟ್ಟರೆ 1.130 ತೋರಿಸಿತು. ಆಸಿಡ್ ಕಡಿಮೆಯಾಗಿದೆ ಅಂದುಕೊಂಡು ಸುಮ್ನೆ ಆಸಿಡ್ ಸುರಿದೆ. 1.240 ಬಂತು, ಖುಷಿಯಾಯಿತು. ಗಿರಾಕಿ ಎರಡೇ ತಿಂಗಳಲ್ಲಿ ವಾಪಸ್ ತಂದ. ಆಸಿಡ್ ಎಲ್ಲೂ ಹೋಗಿರಲಿಲ್ಲ, ಸಲ್ಫೇಟ್ ರೂಪದಲ್ಲಿ ಪ್ಲೇಟಿನ ಮೇಲೆ ಕೂತಿತ್ತು. ಚಾರ್ಜ್ ಮಾಡಿದ್ದರೆ ತಾನೇ ಇಳಿದು ಬರುತ್ತಿತ್ತು. ನಾನು ಮೇಲಿಂದ ಸುರಿದದ್ದರಿಂದ ಆಸಿಡ್ ಲೆಕ್ಕಕ್ಕಿಂತ ಗಟ್ಟಿಯಾಗಿ ಪ್ಲೇಟುಗಳನ್ನೇ ತಿಂದಿತು. ಬ್ಯಾಟರಿಯಲ್ಲಿ ನೀರು ಮಾತ್ರ ಆರುತ್ತದೆ, ಆಸಿಡ್ ಆರುವುದಿಲ್ಲ. ಹಾಕುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಈಗ ಚಾರ್ಜ್‌ನ ಕಡೆ ನೋಡೋಣ, ನಿಮ್ಮ ಉತ್ತರ ಇರುವುದು ಅಲ್ಲಿ.

ಚಾರ್ಜರ್ ಹಚ್ಚಿದ ಕೂಡಲೇ ಸಲ್ಫೇಟ್ ನೇರವಾಗಿ ಸೀಸವಾಗಿ ಬಿಡುವುದಿಲ್ಲ. ಅದು ಮೊದಲು ಆಸಿಡ್‌ನಲ್ಲಿ ಕರಗಬೇಕು. ಕರಗಿ ಬಂದ ಸೀಸದ ಅಯಾನು ಪ್ಲೇಟಿನ ಮೇಲೆ ಕೂತು ಮತ್ತೆ ಸೀಸವೋ ಡೈಆಕ್ಸೈಡೋ ಆಗಬೇಕು. ತೊಂದರೆ ಏನೆಂದರೆ ಸೀಸದ ಸಲ್ಫೇಟ್ ಕರಗುವುದರಲ್ಲಿ ಮಹಾ ಜುಗ್ಗ. ಒಂದು ಲೀಟರ್ ಆಸಿಡ್‌ನಲ್ಲಿ ಒಂದು ಹೊತ್ತಿಗೆ ಕೆಲವೇ ಮಿಲಿಗ್ರಾಂ ಕರಗಿರುತ್ತದೆ. ಹತ್ತು ಕೆಜಿ ಸಾಮಾನು ಇಷ್ಟು ಕಿರಿದಾದ ಬಾಗಿಲಲ್ಲಿ ಹೊರಗೆ ಬರಬೇಕು. ಹರಳು ಸಣ್ಣದಿದ್ದರೆ ಮೈ ಜಾಸ್ತಿ, ಬೇಗ ಬೇಗ ಕರಗುತ್ತದೆ. ದೊಡ್ಡದಿದ್ದರೆ ಮೈ ಕಡಿಮೆ, ನಿಧಾನ. ಹಾಲಿಗೆ ಸಕ್ಕರೆ ಪುಡಿ ಹಾಕಿದರೆ ಎರಡು ಸಲ ಕಲಕಿದರೆ ಸಾಕು. ಅಷ್ಟೇ ತೂಕದ ಕಲ್ಲುಸಕ್ಕರೆ ಹಾಕಿ ನೋಡಿ, ಹಾಲು ಆರಿದರೂ ತಳದಲ್ಲಿ ಹಾಗೇ ಇರುತ್ತದೆ.

ಡಿಸ್ಚಾರ್ಜ್ ಆದ ಹೊಸತರಲ್ಲಿ ನಿಮ್ಮ ಪ್ಲೇಟುಗಳ ಮೇಲಿದ್ದದ್ದು ಸಕ್ಕರೆ ಪುಡಿ. ಅವತ್ತೇ ಚಾರ್ಜ್ ಹಚ್ಚಿದ್ದರೆ ಮಾರನೇ ದಿನಕ್ಕೆ ಎಲ್ಲ ಸರಿ. ಆದರೆ ಹರಳುಗಳಿಗೆ ಒಂದು ಚಾಳಿ ಇದೆ. ಸುಮ್ಮನೆ ಬಿಟ್ಟರೆ ಸಣ್ಣವು ಕರಗುತ್ತಾ ಹೋಗುತ್ತವೆ, ಆ ಸಾಮಾನು ದೊಡ್ಡವುಗಳ ಮೇಲೆ ಕೂರುತ್ತದೆ. ದಿನ ಕಳೆದಂತೆ ದೊಡ್ಡವು ಇನ್ನೂ ದೊಡ್ಡವಾಗುತ್ತವೆ. ಆಸಿಡ್ ತೆಳುವಾಗಿದ್ದಾಗ, ಬಿಸಿ ಇದ್ದಾಗ ಇದು ಜೋರಾಗಿ ನಡೆಯುತ್ತದೆ. ನಿಮ್ಮಲ್ಲಿ ಎರಡೂ ಇತ್ತು. ನಲವತ್ತೈದು ದಿನದಲ್ಲಿ ಪುಡಿ ಹೋಗಿ ಕಲ್ಲುಸಕ್ಕರೆ ಆಗಿದೆ. ನಮ್ಮ ಕೆಲಸದಲ್ಲಿ ಇದಕ್ಕೆ ಸಲ್ಫೇಷನ್ ಅನ್ನುತ್ತೇವೆ.

ನಿಮ್ಮ ವಿಷಯದಲ್ಲಿ ಇನ್ನೊಂದು ದುರಾದೃಷ್ಟವೂ ಸೇರಿದೆ. ಜೋರಾಗಿ ಕರೆಂಟ್ ಎಳೆದಾಗ ಆಸಿಡ್ ಪ್ಲೇಟಿನ ತೂತುಗಳ ಆಳಕ್ಕೆ ಹೋಗುವಷ್ಟರಲ್ಲಿ ವೋಲ್ಟೇಜ್ ಬಿದ್ದು ಇನ್ವರ್ಟರ್ ಸುಮಾರು 10.5 ವೋಲ್ಟ್‌ಗೆ ಕಟ್ ಆಗುತ್ತದೆ. ಪ್ಲೇಟಿನ ಆಳದಲ್ಲಿ ಇನ್ನೂ ಮಾಲು ಉಳಿದಿರುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬ್ಯಾಟರಿ ಚೇತರಿಸಿಕೊಂಡಂತೆ ಕಾಣುವುದು. ಎರಡು ಆಂಪಿಯರ್‌ನಂತೆ ನಿಧಾನ ಎಳೆದರೆ ಆಸಿಡ್‌ಗೆ ಆಳದವರೆಗೂ ಹೋಗಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಅದೇ 10.5 ವೋಲ್ಟ್‌ಗೆ ಬಂದಾಗ ಪ್ಲೇಟಿನೊಳಗೆ ಏನೂ ಉಳಿದಿರುವುದಿಲ್ಲ. ಐದು ಫ್ಯಾನು ಹಾಕಿ ಖಾಲಿ ಮಾಡಿದ್ದಕ್ಕಿಂತ ಒಂದು ವೈಫೈ ಡಬ್ಬಿ ಖಾಲಿ ಮಾಡಿದ್ದೇ ಬ್ಯಾಟರಿಗೆ ಜಾಸ್ತಿ ಕೆಟ್ಟದ್ದು.

ಇನ್ನು ಗಂಟೆಯೊಳಗೆ ಫುಲ್ ತೋರಿಸುವುದು. ಚಾರ್ಜರ್‌ಗೆ ಪ್ಲೇಟು ಕಾಣುವುದಿಲ್ಲ, ವೋಲ್ಟೇಜ್ ಮಾತ್ರ ಕಾಣುತ್ತದೆ. 14.4 ವೋಲ್ಟ್ ಹತ್ತಿರ ಬಂದರೆ ಹೊಟ್ಟೆ ತುಂಬುತ್ತಾ ಬಂತು ಅಂತ ಅದು ತಿಳಿಯುತ್ತದೆ, ಕರೆಂಟ್ ಇಳಿಸುತ್ತಾ ಹೋಗುತ್ತದೆ. ಆರೋಗ್ಯವಂತ ಬ್ಯಾಟರಿ ಅಲ್ಲಿಗೆ ಬರಲು ಏಳೆಂಟು ಗಂಟೆ ತಗೊಳ್ಳುತ್ತದೆ. ಕಲ್ಲುಸಕ್ಕರೆ ಕಟ್ಟಿದ ಪ್ಲೇಟಿನಲ್ಲಿ ಕರಗಿ ಬರುವ ಸೀಸ ಸಾಲುವುದಿಲ್ಲ. ನುಗ್ಗಿದ ಕರೆಂಟ್‌ಗೆ ಮಾಡಲು ಕೆಲಸವಿಲ್ಲ, ವೋಲ್ಟೇಜ್ ಸರ್ರನೆ ಏರುತ್ತದೆ. ಆ ಕರೆಂಟ್ ನೀರನ್ನು ಒಡೆದು ಗುಳ್ಳೆ ಎಬ್ಬಿಸುತ್ತಾ ಕೂರುತ್ತದೆ. ಚಾರ್ಜರ್ ಮಾತ್ರ ಹಸಿರು ದೀಪ ಹಚ್ಚಿಬಿಡುತ್ತದೆ.

ನಿಜ ಸ್ಥಿತಿ ಹೇಳುವುದು ಹೈಡ್ರೋಮೀಟರ್. ನೂರೋ ಇನ್ನೂರೋ ರೂಪಾಯಿಯ ಗಾಜಿನ ಪಿಚಕಾರಿ. ಆಸಿಡ್ ನೀರಿಗಿಂತ ಭಾರ, ಹಾಗಾಗಿ ದ್ರವ ಎಷ್ಟು ಭಾರ ಇದೆ ಅಂತ ನೋಡಿದರೆ ಎಷ್ಟು ಆಸಿಡ್ ಪ್ಲೇಟು ಬಿಟ್ಟು ಹೊರಗೆ ಬಂದಿದೆ ಅಂತ ಗೊತ್ತಾಗುತ್ತದೆ. ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಿದಾಗ 1.240 ಆಸುಪಾಸು, ಪೂರ್ತಿ ಖಾಲಿಯಾದಾಗ 1.110 ಆಸುಪಾಸು. ಮಲ್ಟಿಮೀಟರ್ ಮಾತ್ರ ಇದ್ದರೂ ಒಂದು ಸುಲಭ ಲೆಕ್ಕ ಇದೆ. ಹೈಡ್ರೋಮೀಟರ್ ರೀಡಿಂಗ್‌ಗೆ 0.84 ಸೇರಿಸಿದರೆ ಒಂದು ಸೆಲ್‌ನ ವೋಲ್ಟೇಜ್. 1.240 ಕ್ಕೆ 2.08, ಆರರಿಂದ ಗುಣಿಸಿದರೆ 12.5 ವೋಲ್ಟ್. ಅಂದರೆ ನಿಮ್ಮ ಬ್ಯಾಟರಿ ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಮೇಲೆ 12.5 ತೋರಿಸಿದರೆ ಅದು ತುಂಬಿದೆ ಅಂತಲೇ ಅರ್ಥ. ಕಾರಿನ ಬ್ಯಾಟರಿಯಲ್ಲಿ ಆಸಿಡ್ ಇನ್ನೂ ಗಟ್ಟಿ, ಅಲ್ಲಿ 12.7 ಬರುತ್ತದೆ. ಕಾರಿನ ಲೆಕ್ಕ ಹಿಡಿದು ಇನ್ವರ್ಟರ್ ಬ್ಯಾಟರಿ ವೀಕ್ ಅಂತ ಹೇಳಿ ಗುಜರಿಗೆ ಕಳಿಸುವವರನ್ನು ನಾನು ನೋಡಿದ್ದೇನೆ.

ಸ್ಕೂಟರ್ ಹೇಗೆ ಬದುಕಿತು ಅನ್ನುವುದು ಇನ್ನೊಂದು ಕತೆ.

ಲಿಥಿಯಂ ಅಯಾನ್ ಸೆಲ್‌ನಲ್ಲಿ ಒಂದು ಕಡೆ ತಾಮ್ರದ ಹಾಳೆಯ ಮೇಲೆ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯ ಸಾಮಾನು. ಇನ್ನೊಂದು ಕಡೆ ಅಲ್ಯೂಮಿನಿಯಂ ಹಾಳೆಯ ಮೇಲೆ ಲಿಥಿಯಂ ಇಟ್ಟುಕೊಂಡ ಒಂದು ಲೋಹದ ಸಂಯುಕ್ತ. ಮನೆಯ ಇನ್ವರ್ಟರ್‌ಗೆ ಈಗ ಮಾರುವುದು ಹೆಚ್ಚಾಗಿ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅನ್ನುತ್ತಾರೆ. ಸ್ಕೂಟರ್‌ಗಳಲ್ಲಿ ಅದೂ ಇರುತ್ತದೆ, ನಿಕಲ್ ಇರುವ ಬಗೆಯೂ ಇರುತ್ತದೆ. ಈಗ ನಾನು ಹೇಳುವ ಕತೆಗೆ ಎರಡೂ ಒಂದೇ. ಅಂದ ಹಾಗೆ ಈ ಐರನ್ ಫಾಸ್ಫೇಟ್ ಬ್ಯಾಟರಿಗೆ ಆಗುತ್ತದೆ ಅಂತ 1997ರಲ್ಲಿ ಪ್ರಕಟಿಸಿದವರು ಮೂವರು: ಪಾಧಿ, ನಂಜುಂಡಸ್ವಾಮಿ ಮತ್ತು ಮುಂದೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್. ಮಧ್ಯದ ಹೆಸರು ಓದಿದಾಗಲೆಲ್ಲ ನನಗೆ ಒಂಥರಾ ಖುಷಿ.

ಗ್ರಾಫೈಟ್ ಅಂದರೆ ಚಿರೋಟಿ ಇದ್ದ ಹಾಗೆ, ಪದರದ ಮೇಲೆ ಪದರ. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಫಾಸ್ಫೇಟ್ ಬಿಟ್ಟು, ನಡುವಿನ ದ್ರವದಲ್ಲಿ ಹಾದು, ಈ ಪದರಗಳ ಸಂದಿಯಲ್ಲಿ ಹೋಗಿ ಕೂರುತ್ತವೆ. ಎಲೆಕ್ಟ್ರಾನ್ ಹೊರಗಿನ ತಂತಿಯಲ್ಲಿ ಸುತ್ತು ಹಾಕಿ ಬಂದು ಅಲ್ಲೇ ಸೇರುತ್ತದೆ. ಪೂರ್ತಿ ತುಂಬಿದಾಗ ಆರು ಇಂಗಾಲಕ್ಕೆ ಒಂದು ಲಿಥಿಯಂ. ಡಿಸ್ಚಾರ್ಜ್ ಆದಾಗ ಬಂದ ದಾರಿಯಲ್ಲೇ ವಾಪಸ್. ಕಪ್ಪು ಗ್ರಾಫೈಟ್ ಲಿಥಿಯಂ ತುಂಬುತ್ತಾ ಹೋದಂತೆ ನೀಲಿಯಾಗಿ, ತಾಮ್ರದ ಕೆಂಪಾಗಿ, ಕೊನೆಗೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಲ್ಯಾಬಿನಲ್ಲಿ ತುಂಬಿದ ಸೆಲ್ ಬಿಚ್ಚಿ ಮೊದಲ ಸಲ ಆ ಬಂಗಾರದ ಹಾಳೆ ನೋಡಿದ ದಿನ ನನಗೆ ಊಟದ ನೆನಪೇ ಆಗಲಿಲ್ಲ. (ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.)

ಇಲ್ಲಿ ಗಮನಿಸಬೇಕಾದದ್ದು ಏನಾಗುವುದಿಲ್ಲ ಅನ್ನುವುದನ್ನು. ಗ್ರಾಫೈಟ್ ಗ್ರಾಫೈಟಾಗಿಯೇ ಉಳಿಯುತ್ತದೆ, ತುಂಬಿದಾಗ ಸುಮಾರು ಹತ್ತರಲ್ಲಿ ಒಂದು ಪಾಲು ಉಬ್ಬುತ್ತದೆ ಅಷ್ಟೇ. ಕಬ್ಬಿಣ ಮತ್ತು ಫಾಸ್ಫೇಟಿನ ಚೌಕಟ್ಟು ಮುರಿಯದೆ ನಿಂತಿರುತ್ತದೆ. ನಡುವಿನ ದ್ರವ ಸೀಸದ ಬ್ಯಾಟರಿಯ ಆಸಿಡ್‌ನಂತೆ ಖರ್ಚಾಗುವುದಿಲ್ಲ. ಅದು ಬರೀ ರಸ್ತೆ. ಯಾವುದೂ ಕರಗಿ ಮತ್ತೆ ಹರಳು ಕಟ್ಟಬೇಕಾಗಿಲ್ಲ. ನಿಮಗೆ ಅಂಗಡಿಯವರು ತೋರಿಸಿರಬಹುದಾದ 12.8 ವೋಲ್ಟ್ 100 ಎಎಚ್ ಲಿಥಿಯಂ ಬ್ಯಾಟರಿಯಲ್ಲಿ ನಾಲ್ಕು ಸೆಲ್ ಇರುತ್ತವೆ. ಪೂರ್ತಿ ಚಾರ್ಜ್‌ನಿಂದ ಪೂರ್ತಿ ಖಾಲಿಗೆ ಬರುವಾಗ ಅಷ್ಟೂ ಸೆಲ್‌ಗಳಲ್ಲಿ ಜಾಗ ಬದಲಿಸುವ ಲಿಥಿಯಂ ಒಟ್ಟು ನೂರು ಗ್ರಾಂ ಚಿಲ್ಲರೆ. ಅಲ್ಲಿ ಹತ್ತು ಕೆಜಿ ಹೊಸ ಸಾಮಾನು ಹುಟ್ಟಿ ಕರಗಬೇಕು, ಇಲ್ಲಿ ನೂರು ಗ್ರಾಂ ಎದ್ದು ಪಕ್ಕದ ಕೋಣೆಗೆ ಹೋಗಬೇಕು. ಆದ್ದರಿಂದಲೇ ಲಿಥಿಯಂ ಬೇಗ ಚಾರ್ಜ್ ಆಗುತ್ತದೆ, ಸಾವಿರಾರು ಸಲ ತುಂಬಿ ಖಾಲಿ ಮಾಡಿದರೂ ತಡೆಯುತ್ತದೆ, ಅರ್ಧಕ್ಕೆ ನಿಲ್ಲಿಸಿ ಹೋದರೂ ಮುನಿಸಿಕೊಳ್ಳುವುದಿಲ್ಲ. ಅರ್ಧ ಚಾರ್ಜ್ ಅಂದರೆ ಅಲ್ಲಿ ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ. ಸುಮ್ಮನೆ ಬಿಟ್ಟರೆ ಗಟ್ಟಿಯಾಗುವಂಥದ್ದು ಏನೂ ಇಲ್ಲ.

ಹಾಗಂತ ಅದಕ್ಕೆ ಮುಪ್ಪೇ ಇಲ್ಲ ಅಂತಲ್ಲ. ಕಾರ್ಖಾನೆಯಲ್ಲಿ ಮೊದಲ ಚಾರ್ಜ್ ಆದಾಗಲೇ ಗ್ರಾಫೈಟ್ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ, ಹಾಲಿನ ಕೆನೆಯ ಹಾಗೆ. ಈ ಪೊರೆ ಬೇಕು. ಅದಿಲ್ಲದಿದ್ದರೆ ದ್ರವ ಗ್ರಾಫೈಟ್ ಜೊತೆ ಸೇರಿ ಕೆಡುತ್ತಲೇ ಇರುತ್ತದೆ. ಆದರೆ ಪೊರೆ ಕಟ್ಟಲು ಲಿಥಿಯಂ ಖರ್ಚಾಗುತ್ತದೆ, ಹಾಗೆ ಪೊರೆಗೆ ಹೋದ ಲಿಥಿಯಂ ವಾಪಸ್ ಬರುವುದಿಲ್ಲ. ಬಿಸಿ ಜಾಸ್ತಿ ಇದ್ದಷ್ಟೂ, ಗ್ರಾಫೈಟ್ ತುಂಬಿದ್ದಷ್ಟೂ ಪೊರೆ ಬೇಗ ದಪ್ಪವಾಗುತ್ತದೆ. ಅಂದರೆ ಲಿಥಿಯಂಗೆ ಕೆಟ್ಟ ಜೋಡಿ ಯಾವುದು? ನೂರು ಪರ್ಸೆಂಟ್ ಚಾರ್ಜ್ ಮತ್ತು ಮೇ ತಿಂಗಳು. ನಿಮ್ಮ ಮೈದುನ ಗೊತ್ತಿದ್ದು ಮಾಡಿದರೋ ಮರೆತರೋ, ಅರ್ಧ ಚಾರ್ಜ್‌ನಲ್ಲಿ ನೆರಳಲ್ಲಿ ಬಿಟ್ಟು ಹೋದದ್ದು ಆ ಬ್ಯಾಟರಿಗೆ ಸಿಗಬಹುದಾದ ಒಳ್ಳೆಯ ರಜೆ.

ಅವರು ಪೂರ್ತಿ ಖಾಲಿ ಮಾಡಿ ಬಿಟ್ಟು ಹೋಗಿದ್ದರೆ ಕತೆ ಬೇರೆ ಆಗಬಹುದಿತ್ತು. ಲಿಥಿಯಂ ಪ್ಯಾಕಿನೊಳಗೆ ಬಿಎಂಎಸ್ ಅನ್ನುವ ಕಾವಲುಗಾರ ಸರ್ಕ್ಯೂಟ್ ಇರುತ್ತದೆ. ಎಲ್‌ಎಫ್‌ಪಿ ಸೆಲ್ 2.5 ವೋಲ್ಟ್‌ಗೆ ಇಳಿದರೆ ಅದು ಬಾಗಿಲು ಹಾಕಿಬಿಡುತ್ತದೆ. ಹೊರಗಿಂದ ಮೀಟರ್ ಹಿಡಿದರೆ ಸೊನ್ನೆ ತೋರಿಸಬಹುದು. ಅದು ಸತ್ತಿಲ್ಲ, ಸರಿಯಾದ ಚಾರ್ಜರ್ ಕೊಟ್ಟರೆ ಏಳುತ್ತದೆ. ಆದರೆ ಕಾವಲುಗಾರನಿಗೂ ಚೂರು ಕರೆಂಟ್ ಬೇಕಲ್ಲ, ಅದು ಅದೇ ಸೆಲ್‌ಗಳಿಂದ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸೆಲ್ ಇನ್ನೂ ಕೆಳಗೆ ಜಾರಿ, ಗ್ರಾಫೈಟ್ ಕೆಳಗಿನ ತಾಮ್ರದ ಹಾಳೆಯೇ ದ್ರವದಲ್ಲಿ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೆ ಆ ತಾಮ್ರ ಬೇಡದ ಕಡೆ ಮುಳ್ಳಿನಂತೆ ಬೆಳೆದು ನಡುವಿನ ತೆಳು ಪರದೆ ಚುಚ್ಚಿ ಒಳಗೇ ಶಾರ್ಟ್ ಆಗಬಹುದು. ಸೀಸದ ಬ್ಯಾಟರಿ ಖಾಲಿ ಕೂತರೆ ಸಾಮರ್ಥ್ಯ ಹೋಗುತ್ತದೆ. ಲಿಥಿಯಂ ಅಷ್ಟು ಕೆಳಗೆ ಹೋದರೆ ಸುರಕ್ಷತೆಯೇ ಹೋಗುತ್ತದೆ. ಒಂದು ಸೆಲ್ ಒಂದು ವೋಲ್ಟ್ ಆಸುಪಾಸು ಬಿದ್ದಿದ್ದರೆ ಅದನ್ನು ಎಬ್ಬಿಸುವ ಸಾಹಸ ಬೇಡವೇ ಬೇಡ.

ಸರಿ, ನಿಮ್ಮ ಟ್ಯೂಬುಲರ್ ಉಳಿಯುತ್ತಾ? ಇಂಥದ್ದೇ ಒಂದನ್ನು ನಾನು ವಾಸ್ಕೋದಲ್ಲಿ ನೋಡಿದ್ದೆ. ನನ್ನ ಸೋದರಮಾವನ ಮನೆ. ಮಳೆಗಾಲದಲ್ಲಿ ಲೈನ್ ಮುರಿದು ಬಿದ್ದು ಎರಡು ದಿನ ಕರೆಂಟ್ ಇಲ್ಲ, ಬ್ಯಾಟರಿ ಖಾಲಿ. ಮಾವ ಮನೆ ಬೀಗ ಹಾಕಿ ಹುಬ್ಬಳ್ಳಿಗೆ ಹೊರಟುಬಿಟ್ಟರು. ಮೂರು ವಾರ ಬಿಟ್ಟು ಬಂದಾಗ ನಿಮ್ಮದೇ ಲಕ್ಷಣ. ಹೈಡ್ರೋಮೀಟರ್ ಆರೂ ಸೆಲ್‌ನಲ್ಲಿ 1.105 ರಿಂದ 1.120. ಇನ್ವರ್ಟರ್‌ನಿಂದ ಚಾರ್ಜ್ ಹಚ್ಚಿದರೆ ನಲವತ್ತು ನಿಮಿಷಕ್ಕೆ 14.4.

ಇನ್ವರ್ಟರ್ ಬಿಚ್ಚಿಟ್ಟು, ಕರೆಂಟ್ ಇಳಿಸಬಹುದಾದ ಚಾರ್ಜರ್ ತಂದು 4 ಆಂಪಿಯರ್‌ಗೆ ಇಟ್ಟೆ. ತರ್ಕ ಸರಳ. ಕಲ್ಲುಸಕ್ಕರೆ ಎಷ್ಟು ನಿಧಾನ ಕರಗುತ್ತದೋ ಕರೆಂಟೂ ಅಷ್ಟೇ ನಿಧಾನ ಇರಬೇಕು. ಜಾಸ್ತಿ ಕೊಟ್ಟರೆ ನೀರು ಒಡೆಯುತ್ತದೆ, ಬಿಸಿಯಾಗುತ್ತದೆ, ಅಷ್ಟೇ. ವೋಲ್ಟೇಜ್ 15.5 ದಾಟಿತು, ಅದು ಹೀಗೆ ಮಾಡುವಾಗ ಸಹಜ. ಮುಟ್ಟಿ ನೋಡುತ್ತಾ ಬಿಸಿ ಏರದಂತೆ ನೋಡಿಕೊಂಡೆ. ಒಂದು ದಿನಕ್ಕೆ ರೀಡಿಂಗ್ 1.155 ಹತ್ತಿರ. ಎರಡು ದಿನಕ್ಕೆ 1.200. ಎಪ್ಪತ್ತು ಗಂಟೆಯಲ್ಲಿ ಐದು ಸೆಲ್ 1.225ಕ್ಕೆ ಬಂದು ನಿಂತವು, ಮೂರನೇ ಸೆಲ್ ಮಾತ್ರ 1.165 ಬಿಟ್ಟು ಏಳಲಿಲ್ಲ. ಆಮೇಲೆ ಸುಮಾರು 90 ವಾಟ್ ಲೋಡ್ ಹಾಕಿ 10.5 ವೋಲ್ಟ್‌ವರೆಗೆ ಓಡಿಸಿದೆ. ಹೊಸದರಲ್ಲಿ ಇಪ್ಪತ್ತು ಗಂಟೆ ಬರಬೇಕಾದದ್ದು ಹದಿಮೂರು ಗಂಟೆ ಬಂತು. ತಕ್ಷಣ ಮತ್ತೆ ನಿಧಾನ ಚಾರ್ಜ್ ಮಾಡಿ ಎರಡನೇ ಸಲ ಓಡಿಸಿದಾಗ ಹದಿನಾಲ್ಕೂವರೆ. ಅದರ ಮೇಲೆ ಏರಲಿಲ್ಲ. ಆ ಬ್ಯಾಟರಿ ಇನ್ನೂ ಒಂದೂವರೆ ವರ್ಷ ಮಾವನ ಎರಡು ಫ್ಯಾನು, ಟಿವಿ ಎಳೆಯಿತು.

ನಿಮ್ಮದು ಇದರ ಎರಡರಷ್ಟು ದಿನ, ಇದಕ್ಕಿಂತ ಬಿಸಿಯಲ್ಲಿ ಕೂತಿದೆ. ಅರ್ಧ ಸಾಮರ್ಥ್ಯ ವಾಪಸ್ ಬಂದರೂ ನಾನು ಖುಷಿಪಡುತ್ತೇನೆ. ಆದರೂ ಎರಡು ವರ್ಷದ ಪ್ಲೇಟು, ಒಂದು ಕೈ ನೋಡಬಹುದು. ಮನೆಯಲ್ಲಿ ಮಾಡಬೇಡಿ, ನಿಧಾನ ಚಾರ್ಜ್ ಮಾಡಿಕೊಡುವ ಹಳೇ ಬ್ಯಾಟರಿ ರಿಪೇರಿಯವರ ಹತ್ತಿರ ಮೂರು ದಿನ ಬಿಡಿ. ಚಾರ್ಜ್‌ಗೆ ಮುಂಚೆ ಪ್ಲೇಟು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಲು ಹೇಳಿ. ಚಾರ್ಜ್ ಆಗುತ್ತಾ ಮಟ್ಟ ತಾನೇ ಏರುತ್ತದೆ, ಮೊದಲೇ ಗುರುತಿನವರೆಗೆ ತುಂಬಿಸಿದರೆ ಆಸಿಡ್ ಹೊರಗೆ ಚೆಲ್ಲುತ್ತದೆ. ಇಂಥ ಚಾರ್ಜ್‌ನಲ್ಲಿ ಹೈಡ್ರೋಜನ್ ಬಹಳ ಏಳುತ್ತದೆ. ನಮ್ಮ ಎಷ್ಟೋ ಫ್ಲಾಟುಗಳಲ್ಲಿ ಬ್ಯಾಟರಿ ಇಡುವುದು ದೇವರ ಗೂಡಿನ ಕೆಳಗೇ, ಮೇಲೆ ದೀಪ. ನೀವೂ ಹಾಗೆ ಇಟ್ಟಿದ್ದರೆ ದಯವಿಟ್ಟು ಒಂದನ್ನು ಜಾಗ ಬದಲಿಸಿ.

ಲಿಥಿಯಂ ಹಾಕಿಸಬೇಕಾ ಅನ್ನುವುದಕ್ಕೆ ನನ್ನ ಉತ್ತರ ಅಂಗಡಿಯವರಿಗೆ ಇಷ್ಟ ಆಗದಿರಬಹುದು. ನಿಮ್ಮ ಮನೆಯಲ್ಲಿ ಕರೆಂಟ್ ಎಷ್ಟು ಹೋಗುತ್ತದೆ? ನಮ್ಮ ಕಡೆ ಗುರುವಾರ ಮೆಂಟೆನೆನ್ಸ್ ಅಂತ ಕೆಲವು ಗಂಟೆ, ಮಳೆಯಲ್ಲಿ ಆಗೊಮ್ಮೆ ಈಗೊಮ್ಮೆ. ಉಳಿದ ದಿನವೆಲ್ಲ ಬ್ಯಾಟರಿ ತುಂಬಿಕೊಂಡು ಕೂತಿರುತ್ತದೆ. ಸೀಸದ ಬ್ಯಾಟರಿಗೆ ಇದೇ ಸುಖದ ಜೀವನ. 13.5 ವೋಲ್ಟ್ ಆಸುಪಾಸಿನಲ್ಲಿ ಸದಾ ತುಂಬಿಟ್ಟರೆ ಸಲ್ಫೇಟ್ ಉಳಿಯುವುದೇ ಇಲ್ಲ. ಆಗಾಗ ನೀರು ನೋಡಿಕೊಂಡರೆ ಸಾಕು. ಲಿಥಿಯಂ ಹಾಕಿದರೆ ಅದೂ ವರ್ಷಪೂರ್ತಿ ನೂರಕ್ಕೆ ನೂರು ತುಂಬಿ ಕೂರುತ್ತದೆ, ಅದು ಅದಕ್ಕೆ ಇಷ್ಟವಿಲ್ಲದ ಸ್ಥಿತಿ. ಸಾವಿರಾರು ಸಲ ತುಂಬಿ ಖಾಲಿ ಮಾಡುವ ಅದರ ಶಕ್ತಿಗೆ ದುಡ್ಡು ಕೊಟ್ಟು, ವರ್ಷಕ್ಕೆ ಐವತ್ತು ಸಲ ಬಳಸಿದ ಹಾಗೆ. ಎಲ್‌ಎಫ್‌ಪಿ ಇದನ್ನು ತಡೆದುಕೊಳ್ಳುತ್ತದೆ, ಬೇಗ ಕೆಡುತ್ತದೆ ಅಂತ ನಾನು ಹೆದರಿಸುವುದಿಲ್ಲ. ಕೊಟ್ಟ ದುಡ್ಡಿಗೆ ಕೆಲಸ ಇರಲ್ಲ ಅಷ್ಟೇ. ಚಾವಣಿಯಲ್ಲಿ ಸೋಲಾರ್ ಇದ್ದು ದಿನಾ ರಾತ್ರಿ ಬ್ಯಾಟರಿಯಿಂದಲೇ ನಡೆಯುವ ಮನೆಯಾದರೆ ಎರಡು ಸಲ ಯೋಚಿಸದೆ ಲಿಥಿಯಂ ಅನ್ನುತ್ತಿದ್ದೆ. ಅಲ್ಲಿ ಸೀಸದ ಬ್ಯಾಟರಿ ಪೂರ್ತಿ ತುಂಬುವ ದಿನವೇ ಕಡಿಮೆ, ದಿನಾ ಸ್ವಲ್ಪ ಸ್ವಲ್ಪ ಕಲ್ಲುಸಕ್ಕರೆ ಕಟ್ಟುತ್ತಲೇ ಇರುತ್ತದೆ.

ಒಂದು ವೇಳೆ ಲಿಥಿಯಂ ಹಾಕಿಸಿದರೂ ಹಳೆಯ ಇನ್ವರ್ಟರ್‌ಗೆ ನೇರ ಸಿಕ್ಕಿಸಲು ಬಿಡಬೇಡಿ. ಟ್ಯೂಬುಲರ್‌ಗೆ ಇಟ್ಟ ಚಾರ್ಜಿಂಗ್‌ನಲ್ಲಿ ಕೆಲವು ಇನ್ವರ್ಟರ್‌ಗಳು ಆಗಾಗ 15 ವೋಲ್ಟ್ ಮೇಲೆ ಏರಿಸುತ್ತವೆ. ಲಿಥಿಯಂನ ನಾಲ್ಕು ಸೆಲ್‌ಗೆ 14.6 ಕಡೆಯ ಗೆರೆ. ಬಿಎಂಎಸ್ ತಡೆಯುತ್ತದೆ ನಿಜ, ಆದರೆ ಬ್ರೇಕ್ ಇದೆ ಅಂತ ಗೋಡೆ ಕಡೆ ಗಾಡಿ ಓಡಿಸುವುದಿಲ್ಲವಲ್ಲ. ಲಿಥಿಯಂ ಸೆಟ್ಟಿಂಗ್ ಇರುವ ಇನ್ವರ್ಟರ್ ಬೇಕು. ಎಷ್ಟು ಚಾರ್ಜ್ ಉಳಿದಿದೆ ಅಂತ ಮಲ್ಟಿಮೀಟರ್‌ನಿಂದ ನೋಡುವ ಅಭ್ಯಾಸವನ್ನೂ ಬಿಡಬೇಕಾಗುತ್ತದೆ. ಎಲ್‌ಎಫ್‌ಪಿ ಮುಕ್ಕಾಲು ತುಂಬಿದಾಗಲೂ ಅರ್ಧಕ್ಕಿಂತ ಕೆಳಗಿದ್ದಾಗಲೂ ಹೆಚ್ಚುಕಮ್ಮಿ ಅದೇ 13.2 ತೋರಿಸುತ್ತದೆ.

ಮುಂದಿನ ಸಲ ಊರಿಗೆ ಹೊರಡುವಾಗ: ಟ್ಯೂಬುಲರ್ ಇದ್ದರೆ ಹಿಂದಿನ ದಿನ ಪೂರ್ತಿ ಚಾರ್ಜ್ ಮಾಡಿ, ನೀರು ನೋಡಿ, ಇನ್ವರ್ಟರ್ ಆಫ್ ಮಾಡಿ, ಪಾನಾ ಹಿಡಿದು ನೆಗೆಟಿವ್ ವೈರ್ ಬಿಚ್ಚಿಡಿ. ಎರಡು ತಿಂಗಳಿಗೆ ತನ್ನಷ್ಟಕ್ಕೆ ಹತ್ತು ಪರ್ಸೆಂಟ್ ಆಸುಪಾಸು ಇಳಿಯುತ್ತದೆ, ಬಂದ ದಿನ ಚಾರ್ಜ್ ಹಚ್ಚಿದರೆ ಆಯಿತು. ಮೈದುನನಿಗೆ ಹೇಳಿ, ಸ್ಕೂಟರ್ ಈ ಸಲ ಬಿಟ್ಟ ಹಾಗೇ ಬಿಡಲಿ.

ಗುಜರಿಯವನನ್ನು ಕರೆಯುವ ಮುಂಚೆ ಒಂದು ಹೈಡ್ರೋಮೀಟರ್ ತಂದು ಆರೂ ಸೆಲ್‌ನ ರೀಡಿಂಗ್ ಬರೆದು ಕಳಿಸಿ. ಆರೂ ಒಂದೇ ಸಮ ಕಡಿಮೆ ಇದ್ದರೆ ಅದು ಸಲ್ಫೇಷನ್, ಮೂರು ದಿನದ ಚಾರ್ಜ್‌ಗೆ ಕೊಡಬಹುದು. ಐದು ಸರಿಯಿದ್ದು ಒಂದೇ ಒಂದು ತೀರಾ ಕೆಳಗಿದ್ದು, ಒಟ್ಟು ವೋಲ್ಟೇಜ್ 10.5 ಹತ್ತಿರವೇ ನಿಂತಿದ್ದರೆ ಆ ಸೆಲ್ ಒಳಗೆ ಶಾರ್ಟ್ ಆಗಿದೆ. ಅದಕ್ಕೆ ಯಾವ ಚಾರ್ಜೂ ಇಲ್ಲ.